ಮಗುವಿನ ಮೈಯಳತೆ: ತಲೆ ನಿಧಾನ, ಕಾಲು ಜೋರು

ಆಗತಾನೇ ಹುಟ್ಟಿದ ಮಗುವಿನ ಉದ್ದ ಸುಮಾರು 50 ಸೆಂ.ಮೀ. ಗಲ್ಲದಿಂದ ನೆತ್ತಿಯವರೆಗೆ ತಲೆಯೇ 12 ಸೆಂ.ಮೀ.ಗಿಂತ ತುಸು ಹೆಚ್ಚು, ಅಂದರೆ ಕಾಲುಭಾಗ. ಅದೇ ಮಗು ಬೆಳೆದು 165 ಸೆಂ.ಮೀ. ಎತ್ತರವಾದಾಗ ತಲೆ 22 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ಎತ್ತರದ ಏಳೂವರೆಯಲ್ಲಿ ಒಂದು ಪಾಲು ಅಷ್ಟೇ. ಗರ್ಭದಲ್ಲಿ ಮಿದುಳು ಮೊದಲು ಬೆಳೆಯುತ್ತದೆ, ಎರಡು ವರ್ಷದ ಹೊತ್ತಿಗೆ ವಯಸ್ಕರ ಮಿದುಳಿನ ಸುಮಾರು ಮುಕ್ಕಾಲು ಭಾಗಕ್ಕೂ ಮಿಗಿಲಾಗುತ್ತದೆ. ಆಮೇಲೆ ತಲೆಗೆ ಹೆಚ್ಚು ಬೆಳೆಯುವ ಕೆಲಸವಿಲ್ಲ. ಕೈಕಾಲಿನ ಉದ್ದ ಮೂಳೆಗಳು ಮಾತ್ರ ಹದಿಹರೆಯದವರೆಗೂ ಬೆಳೆಯುತ್ತಲೇ ಇರುತ್ತವೆ.

ಹಿಂದೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ಬಳಸಿ ಎಡಗಿವಿ ಮುಟ್ಟಿಸುತ್ತಿದ್ದುದು ಇದೇ ಲೆಕ್ಕದಲ್ಲಿ. ಮೂರು ವರ್ಷದ ಮಗುವಿಗೆ ಕಿವಿ ಎಟುಕುವುದಿಲ್ಲ. ಆರೇಳು ವರ್ಷಕ್ಕೆ ತೋಳು ಉದ್ದವಾಗಿ ಎಟುಕುತ್ತದೆ. ಜನನ ಪತ್ರವಿಲ್ಲದ ಕಾಲದಲ್ಲಿ ಅದು ಒರಟಾದರೂ ಬುದ್ಧಿವಂತ ಅಳತೆ.

ಮಕ್ಕಳ ವೈದ್ಯರು ನೋಡುವುದು ಸೊಂಟದ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಇರುವ ಅನುಪಾತ. ಇದನ್ನು ಮನೆಯಲ್ಲೂ ಅಳೆಯಬಹುದು. ಮಗುವನ್ನು ಬರಿಗಾಲಿನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ. ಹಿಮ್ಮಡಿ ಗೋಡೆಗೆ ತಾಗಿರಲಿ, ನೋಟ ನೇರವಾಗಿರಲಿ. ನೆತ್ತಿಯ ಮೇಲೆ ದಪ್ಪ ಪುಸ್ತಕವನ್ನು ಅಡ್ಡಲಾಗಿಟ್ಟು ಗೋಡೆಗೆ ಗುರುತು ಹಾಕಿ, ಎತ್ತರ ಅಳೆಯಿರಿ. ನಂತರ ಹೊಕ್ಕುಳಿನಿಂದ ನೇರ ಕೆಳಕ್ಕೆ ಮೆಲ್ಲಗೆ ಬೆರಳೊತ್ತುತ್ತಾ ಬನ್ನಿ. ಕಿಬ್ಬೊಟ್ಟೆಯ ತುದಿಯಲ್ಲಿ ಗಟ್ಟಿ ಮೂಳೆಯ ಮೇಲಂಚು ಸಿಗುತ್ತದೆ. ಅಲ್ಲಿಂದ ನೆಲದವರೆಗಿನದು ಕೆಳಭಾಗ. ಎತ್ತರದಲ್ಲಿ ಅದನ್ನು ಕಳೆದರೆ ಉಳಿದದ್ದು ಮೇಲ್ಭಾಗ. ಮೇಲ್ಭಾಗವನ್ನು ಕೆಳಭಾಗದಿಂದ ಭಾಗಿಸಿ.

ಮೂರು ವರ್ಷದ ಮಗುವಿನ ಎತ್ತರ 94, ಕೆಳಭಾಗ 41 ಸೆಂ.ಮೀ. ಎಂದುಕೊಳ್ಳಿ. ಮೇಲ್ಭಾಗ 53. ಭಾಗಿಸಿದರೆ 1.3 ಬರುತ್ತದೆ, ಆ ವಯಸ್ಸಿಗೆ ಸರಿಯಾದದ್ದೇ. ಹುಟ್ಟಿದಾಗ ಇದು 1.7 ಇರುತ್ತದೆ. ಏಳರಿಂದ ಹತ್ತು ವರ್ಷದೊಳಗೆ ಎರಡೂ ಭಾಗ ಸಮವಾಗಿ 1ಕ್ಕೆ ಬರುತ್ತದೆ, ವಯಸ್ಕರಲ್ಲೂ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ತಪ್ಪಾಗುವುದು ಸಾಮಾನ್ಯವಾಗಿ ಆ ಮೂಳೆಯಂಚು ಹುಡುಕುವಾಗ. ಇದೇ ಮಗುವಿನಲ್ಲಿ ಬೆರಳು ಎರಡು ಸೆಂ.ಮೀ. ಕೆಳಗೆ ನಿಂತರೆ ಉತ್ತರ 1.4 ದಾಟುತ್ತದೆ, ಸುಮ್ಮನೆ ಗಾಬರಿ. ಮಂಡಿ ಮಡಚಿದ್ದರೂ ಅಳತೆ ಕೆಡುತ್ತದೆ. ಅದಕ್ಕೇ ಎರಡು ಸಲ ಅಳೆಯಿರಿ. ಎರಡು ವರ್ಷದೊಳಗಿನ ಕೂಸನ್ನು ಮಲಗಿಸಿಯೇ ಅಳೆಯಬೇಕು, ಅದನ್ನು ಆಸ್ಪತ್ರೆಯಲ್ಲಿ ಮಾಡಿಸುವುದು ಮೇಲು.

ಐದಾರು ವರ್ಷವಾದರೂ ಮಗು ಓರಗೆಯವರಿಗಿಂತ ಕುಳ್ಳಗಿದ್ದು, ಅನುಪಾತ 1.5ರ ಆಸುಪಾಸಿನಲ್ಲೇ ನಿಂತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಥೈರಾಯ್ಡ್ ಕೊರತೆಯಲ್ಲೂ ಮೂಳೆ ಬೆಳವಣಿಗೆಯ ಕೆಲವು ತೊಂದರೆಗಳಲ್ಲೂ ಕಾಲು ಹೀಗೆ ಹಿಂದೆ ಬೀಳುತ್ತದೆ. ಥೈರಾಯ್ಡ್ ಕೊರತೆಯಾದರೆ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಮಾತ್ರೆ ಶುರು ಮಾಡಿದರೆ ಬೆಳವಣಿಗೆ ಮತ್ತೆ ಚುರುಕಾಗುತ್ತದೆ.