ಮುಖ ಬದಲಿಸಿದ ಫೋಟೊ: ಕಿವಿ, ಹಲ್ಲು, ಕಣ್ಣಲ್ಲಿ ಸುಳಿವು ಹುಡುಕುವುದು ಹೇಗೆ?

ಒಬ್ಬರ ದೇಹಕ್ಕೆ ಇನ್ನೊಬ್ಬರ ಮುಖ ಕೂರಿಸುವ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಹುಬ್ಬಿನಿಂದ ಗದ್ದದವರೆಗಿನ ಭಾಗವನ್ನಷ್ಟೇ ಬದಲಿಸುತ್ತವೆ. ಕಿವಿ, ಕೂದಲು, ಕುತ್ತಿಗೆ ಮೂಲ ಫೋಟೊದಲ್ಲಿದ್ದವರದೇ ಉಳಿಯುತ್ತವೆ. ಹಾಗಾಗಿ ಹುಡುಕಾಟವನ್ನು ಕಿವಿಯಿಂದಲೇ ಶುರು ಮಾಡಿ.

ಫೋಟೊದಲ್ಲಿರುವವರ ನಂಬಬಹುದಾದ ಇನ್ನೊಂದು ಚಿತ್ರವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಕಿವಿಯ ಹಾಲೆ ಕೆನ್ನೆಗೆ ಅಂಟಿದೆಯಾ, ಬಿಡಿಯಾಗಿ ಜೋತಿದೆಯಾ ನೋಡಿ. ಒಂದರಲ್ಲಿ ಅಂಟಿದ್ದು ಇನ್ನೊಂದರಲ್ಲಿ ಜೋತಿದ್ದರೆ ಅದು ಗಟ್ಟಿ ಸುಳಿವು. ಆದರೆ ಎಡಗಿವಿಯನ್ನು ಎಡಗಿವಿಯ ಜೊತೆಗೇ ಹೋಲಿಸಬೇಕು. ಸೆಲ್ಫಿಗಳಲ್ಲಿ ಎಡ ಬಲ ಅದಲು ಬದಲಾಗಿರುವುದುಂಟು. ಎರಡು ಕಿವಿಗಳ ನಡುವೆ ಸ್ವಲ್ಪ ವ್ಯತ್ಯಾಸ ಎಲ್ಲರಲ್ಲೂ ಇರುತ್ತದೆ, ಅದನ್ನೇ ಹಿಡಿದು ನಕಲಿ ಅನ್ನಬೇಡಿ.

ಆಮೇಲೆ ಹಲ್ಲು. ಕೆಲವು ಸಾಫ್ಟ್‌ವೇರ್‌ಗಳು ಇಡೀ ಮುಖವನ್ನು 128 × 128 ಪಿಕ್ಸೆಲ್‌ನಷ್ಟು ಚಿಕ್ಕದಾಗಿ ತಯಾರಿಸಿ, ನಂತರ ಹಿಗ್ಗಿಸುತ್ತವೆ. ಅಷ್ಟು ಚಿಕ್ಕ ಚಿತ್ರದಲ್ಲಿ ಹಲ್ಲುಗಳ ನಡುವಿನ ಸಂದು ಉಳಿಯುವುದಿಲ್ಲ, ಎಲ್ಲ ಸೇರಿ ಒಂದೇ ಬಿಳಿ ಪಟ್ಟಿಯಾಗುತ್ತದೆ. ತಲೆಗೂದಲು ಸ್ಪಷ್ಟವಾಗಿದ್ದು ಹಲ್ಲು ಪಟ್ಟಿಯಂತಿದ್ದರೆ ಅನುಮಾನಿಸಿ. ಫೋನಿನ ಬ್ಯೂಟಿ ಫಿಲ್ಟರ್ ಕೂಡ ಹಲ್ಲನ್ನು ಹೀಗೇ ಸವರಿಬಿಡುತ್ತದೆ, ಆದ್ದರಿಂದ ಇದೊಂದೇ ಸಾಲದು.

ಹೆಚ್ಚು ಹೊತ್ತು ಕೊಡಬೇಕಾದದ್ದು ಕಣ್ಣಿಗೆ. ಕಣ್ಣಿನ ಮೇಲ್ಮೈ ಉಬ್ಬಿದ ಕನ್ನಡಿಯಂತೆ ಎದುರಿನ ಬೆಳಕನ್ನು ತೋರಿಸುತ್ತದೆ. ಎರಡೂ ಕಣ್ಣು ನೋಡುತ್ತಿರುವುದು ಒಂದೇ ಬೆಳಕನ್ನು ಅಲ್ವಾ? ಹಾಗಾಗಿ ಹೊಳೆಯುವ ಚುಕ್ಕೆಯ ಆಕಾರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇರಬೇಕು, ಒಂದೇ ಪಕ್ಕಕ್ಕೂ ಇರಬೇಕು. ಒಂದು ಚಿತ್ರದಲ್ಲಿ ಒಂದು ಕಣ್ಣಿನ ಪಾಪೆಯ ಎಡಮೇಲೆ ಕಿಟಕಿಯ ಚೌಕ ಕಾಣುತ್ತಿದೆ ಅಂದುಕೊಳ್ಳಿ. ಇನ್ನೊಂದರಲ್ಲೂ ಚೌಕ ಎಡಮೇಲೇ ಇರಬೇಕು. ಅಲ್ಲಿ ಬಲಗಡೆ ದುಂಡು ಚುಕ್ಕೆ ಇದ್ದರೆ ಏನೋ ಎಡವಟ್ಟಾಗಿದೆ. ಎರಡೂ ಚುಕ್ಕೆಗಳು ಮೂಗಿನ ಕಡೆಗೇ ವಾಲಿ, ಅಚ್ಚುಕಟ್ಟಾಗಿ ಜೋಡಿಯಂತೆ ಕಂಡರೂ ಹುಷಾರಾಗಿರಿ. ದೂರದ ಒಂದೇ ಬೆಳಕು ಹಾಗೆ ಬೀಳುವುದಿಲ್ಲ. ಇನ್ನು ಮುಖದ ಮೇಲಿನ ನೆರಳನ್ನೂ ನೋಡಿ: ಮೂಗಿನ ನೆರಳು ಎಡಕ್ಕೆ ಬಿದ್ದಿದ್ದರೆ ಬೆಳಕು ಬಲದಿಂದ ಬಂದಿದೆ, ಕಣ್ಣಿನ ಚುಕ್ಕೆಯೂ ಬಲಕ್ಕೇ ಇರಬೇಕು.

ದೀಪ ತೀರಾ ಹತ್ತಿರವಿದ್ದರೆ, ತಲೆ ಪಕ್ಕಕ್ಕೆ ತಿರುಗಿದ್ದರೆ, ಮೂಗು ಒಂದು ಕಣ್ಣಿಗೆ ಬೆಳಕು ತಡೆದಿದ್ದರೆ ನಿಜವಾದ ಫೋಟೊದಲ್ಲೂ ಚುಕ್ಕೆಗಳು ಹೊಂದುವುದಿಲ್ಲ. ಫಾರ್ವರ್ಡ್ ಆಗಿ ಆಗಿ ಮಸುಕಾದ ಚಿತ್ರದಲ್ಲಂತೂ ಈ ಪರೀಕ್ಷೆ ಸುಮ್ನೆ. ಆದಷ್ಟು ದೊಡ್ಡ ಪ್ರತಿ ಹುಡುಕಿ.

ಎರಡು ಮೂರು ಸುಳಿವು ಒಟ್ಟಿಗೆ ಸಿಕ್ಕರೆ ಮುಖವನ್ನು ಬಿಟ್ಟು ಬಟ್ಟೆ, ಹಿನ್ನೆಲೆಯ ಭಾಗವನ್ನಷ್ಟೇ ಕತ್ತರಿಸಿ, ಚಿತ್ರ ಹಾಕಿ ಹುಡುಕುವ ಸೌಲಭ್ಯದಲ್ಲಿ ಹುಡುಕಿ. ಅದೇ ಬಟ್ಟೆ, ಅದೇ ಭಂಗಿಯಲ್ಲಿ ಬೇರೊಂದು ಮುಖವಿರುವ ಹಳೆಯ ಫೋಟೊ ಸಿಕ್ಕಿದರೆ ಮೂಲ ಚಿತ್ರ ಅದೇ ಆಗಿರುವ ಸಾಧ್ಯತೆ ಜಾಸ್ತಿ.