60 ಯಾಕೆ ಬರಲಿಲ್ಲ: ಅಕ್ಕನ ಮನೆಯ ಟೀವಿ, ಗೋಡೆಯೊಳಗಿನ ಕೇಬಲ್

ದಾವಣಗೆರೆಯಲ್ಲಿ ಟೀವಿ, ಡಿಶ್, ಸೌಂಡ್‌ಬಾರ್ ಕೂರಿಸುವುದು ನನ್ನ ಕೆಲಸ. ನೆಂಟರ ಮನೆಗೆ ಹೋದರೆ ಕಾಫಿಗಿಂತ ಮೊದಲು ರಿಮೋಟ್ ಕೈಗೆ ಬರುತ್ತದೆ. ಹೋದ ದಸರಾ ರಜೆಯಲ್ಲಿ ವಿದ್ಯಾನಗರದ ಅಕ್ಕನ ಮನೆಯಲ್ಲೂ ಹಾಗೇ ಆಯಿತು.

“ಮಾಮಾ, ಟೀವಿಗೆ ಚುಚ್ಚಿರೋ ಈ ಸ್ಟ್ರೀಮಿಂಗ್ ಸ್ಟಿಕ್ ಹೊಸದು. 4ಕೆ ಬರುತ್ತೆ. ಆದ್ರೆ ಕ್ರಿಕೆಟ್ ಹಾಕಿದ್ರೆ ಚೆಂಡು ಜಿಗಿದು ಜಿಗಿದು ಹೋಗುತ್ತೆ” ಅಂದ ಅಳಿಯ. ಸ್ಟಿಕ್‌ನ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಷನ್ ಪಟ್ಟಿ ತೆರೆದು ನೋಡಿದೆ. 4ಕೆ ಎದುರು 24, 25, 30 ಹರ್ಟ್ಸ್ ಮಾತ್ರ ಇತ್ತು, ಅಂದರೆ ಸೆಕೆಂಡಿಗೆ ಅಷ್ಟು ಚಿತ್ರ. 60 ಬೇಕೆಂದರೆ 1080ಕ್ಕೆ ಇಳಿಯಬೇಕು. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಸಿನಿಮಾ ಇರುವುದೇ ಸೆಕೆಂಡಿಗೆ 24 ಚಿತ್ರದಲ್ಲಿ. ಆಟ, ಗೇಮ್, ಮೆನು ಸರಿಸುವುದು, ಇವುಗಳಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಭಾವ ಆಗಲೇ ಒಂದು ಮದ್ದು ಮಾಡಿದ್ದರು. ಸ್ಟಿಕ್ ಜೊತೆ ಬಂದಿದ್ದ, ಟೀವಿಗೆ ಚಿತ್ರ ಸಾಗಿಸುವ ಗಿಡ್ಡ ಎಚ್‌ಡಿಎಂಐ ಕೇಬಲ್ ತೆಗೆದು, ಪ್ಯಾಕೆಟ್ ಮೇಲೆ ‘2.1’ ಅಂತ ದೊಡ್ಡದಾಗಿ ಬರೆದಿದ್ದ ಇನ್ನೊಂದನ್ನು ತಂದು ಹಾಕಿದ್ದರು. ಪಟ್ಟಿ ಹಾಗೇ ಇತ್ತು, ದುಡ್ಡು ಮಾತ್ರ ಹೋಗಿತ್ತು.

ಇಲ್ಲೇ ಬಹಳ ಜನ ಎಡವುವುದು. ಆ ಪಟ್ಟಿ ಕೇಬಲ್‌ನಿಂದ ಬರುವುದಿಲ್ಲ, ಟೀವಿಯಿಂದ ಬರುತ್ತದೆ. ಚುಚ್ಚಿದ ಕೂಡಲೇ ಸ್ಟಿಕ್ ಟೀವಿಯನ್ನು ‘ನಿನಗೆ ಏನೇನು ತೋರಿಸಲು ಬರುತ್ತೆ’ ಅಂತ ಕೇಳುತ್ತದೆ. ಟೀವಿ ತನ್ನ ಪಟ್ಟಿ ಕೊಡುತ್ತದೆ. ಸಾಮಾನ್ಯ ತಾಮ್ರದ ಕೇಬಲ್ ಈ ಮಾತನ್ನು ದಾಟಿಸುತ್ತದೆ ಅಷ್ಟೇ, ತನ್ನ ವರ್ಷನ್ ಏನೆಂದು ಹೇಳಿಕೊಳ್ಳುವುದಿಲ್ಲ. ಹಾಗಾಗಿ ಪಟ್ಟಿಯಲ್ಲೇ 60 ಇಲ್ಲದಿದ್ದರೆ ನಾನು ಮೊದಲು ಟೀವಿಯನ್ನು ನೋಡುತ್ತೇನೆ. ನಡುವೆ ಹಳೆಯ ಸೌಂಡ್‌ಬಾರ್ ಇದ್ದರೆ ಅದನ್ನೂ ನೋಡಬೇಕು, ಅದು ಪಟ್ಟಿಯನ್ನು ತನ್ನ ಅಳತೆಗೆ ಕತ್ತರಿಸಿ ಕೊಡುತ್ತದೆ. ಪಟ್ಟಿಯಲ್ಲಿ 60 ಇದ್ದು, ಆರಿಸಿದ ಮೇಲೆ ಚಿತ್ರ ಕೆಟ್ಟರೆ ಆಗ ಕೇಬಲ್ ಮೇಲೆ ಅನುಮಾನ. ಕೆಲವು ಸ್ಟಿಕ್‌ಗಳು ಚಿತ್ರ ನಿಲ್ಲದಿದ್ದರೆ ತಾವೇ ಸದ್ದಿಲ್ಲದೆ ಕೆಳಗಿಳಿಯುತ್ತವೆ, ಅದೊಂದು ನೆನಪಿರಲಿ.

30ರಲ್ಲೇ ಯಾಕೆ ನಿಲ್ಲುತ್ತದೆ? ಲೆಕ್ಕ ಹಾಕಿದರೆ ತಿಳಿಯುತ್ತದೆ. 4ಕೆ ಚಿತ್ರದಲ್ಲಿ ನಮಗೆ ಕಾಣುವುದು 3840×2160 ಚುಕ್ಕಿ. ತಂತಿಯಲ್ಲಿ ಅಂಚಿನ ಖಾಲಿ ಜಾಗವೂ ಸೇರಿ 4400×2250 ಹೋಗುತ್ತದೆ. ಒಂದೊಂದು ಚುಕ್ಕಿಗೆ ಮೂರು ಬಣ್ಣ, ಒಂದೊಂದು ಬಣ್ಣಕ್ಕೆ ತಂತಿಯ ಮೇಲೆ 10 ಬಿಟ್.

```
4400 × 2250 × 30 × 3 × 10 =  8.91 Gbps
4400 × 2250 × 60 × 3 × 10 = 17.82 Gbps
```

2009ರ ಎಚ್‌ಡಿಎಂಐ 1.4ರ ಮಿತಿ ಸೆಕೆಂಡಿಗೆ 10.2 ಗಿಗಾಬಿಟ್. 30 ಆರಾಮಾಗಿ ಹಿಡಿಸುತ್ತದೆ, ಪೂರ್ತಿ ಬಣ್ಣದ ವಿವರದ 60 ಹಿಡಿಸುವುದಿಲ್ಲ. 2013ರಲ್ಲಿ ಬಂದ 2.0ರ ಮಿತಿ 18, ಅದರಲ್ಲಿ 60 ಕೂದಲೆಳೆಯಷ್ಟು ಜಾಗ ಬಿಟ್ಟು ಕೂರುತ್ತದೆ. ‘50ಕ್ಕಾದರೂ ಇಳಿಸೋಣ’ ಅಂದರೂ ಲಾಭವಿಲ್ಲ. 50ರಲ್ಲಿ ಖಾಲಿ ಜಾಗ ಜಾಸ್ತಿ ಇಟ್ಟಿದ್ದಾರೆ, ಭಾರ ಅಷ್ಟೇ ಬರುತ್ತದೆ.

ಅಕ್ಕನ ಮನೆ ಟೀವಿ 2017ರದ್ದು, 60 ತೋರಿಸುವ ಶಕ್ತಿ ಇದ್ದದ್ದೇ. ಆದರೆ ಹಳೆಯ ಸೆಟ್‌ಟಾಪ್ ಬಾಕ್ಸ್‌ಗಳಿಗೆ ತೊಂದರೆಯಾಗದಿರಲಿ ಅಂತ ಕಂಪನಿಗಳು ಎಷ್ಟೋ ಟೀವಿಗಳ ಪೋರ್ಟನ್ನು ಹಳೆಯ ಮಟ್ಟದಲ್ಲೇ ಇಟ್ಟು ಕಳಿಸುತ್ತವೆ. ಅದನ್ನು ನಾವೇ ಎಬ್ಬಿಸಬೇಕು. ಎಲ್‌ಜಿಯಲ್ಲಿ `HDMI ULTRA HD Deep Colour`, ಸ್ಯಾಮ್‌ಸಂಗ್‌ನಲ್ಲಿ `Input Signal Plus`, ಸೋನಿಯಲ್ಲಿ `HDMI signal format` ಒಳಗೆ `Enhanced format`. ಒಂದೇ ಕೆಲಸಕ್ಕೆ ಕಂಪನಿಗೊಂದು ಹೆಸರು, ಗಿರಾಕಿಗೆ ಹೇಗೆ ಗೊತ್ತಾಗಬೇಕು? ಸಾಮಾನ್ಯವಾಗಿ ಇದನ್ನು ಪೋರ್ಟ್‌ಗೊಂದರಂತೆ ಹಾಕಬೇಕು. ಕೆಲವು ಟೀವಿಗಳಲ್ಲಿ ಎಲ್ಲ ಪೋರ್ಟ್‌ಗೂ ಈ ಶಕ್ತಿ ಇರುವುದೂ ಇಲ್ಲ. ನಾನು ಸ್ಟಿಕ್ ಇದ್ದ ಎರಡನೇ ಪೋರ್ಟ್‌ಗೆ ಹಾಕಿ, ಸ್ಟಿಕ್ ಆರಿಸಿ ಮತ್ತೆ ಹಚ್ಚಿದೆ. ಪಟ್ಟಿಯಲ್ಲಿ 60 ಬಂತು. ಭಾವನ ಹೊಸ ಕೇಬಲ್ ಕಿತ್ತು ಹಳೆಯ ಗಿಡ್ಡದನ್ನೇ ಹಾಕಿದೆ, ಅದರಲ್ಲೂ 60 ಸರಿಯಾಗಿ ಓಡಿತು.

ಅಷ್ಟಕ್ಕೆ ಎದ್ದು ಬರಬೇಕಿತ್ತು. “ನನ್ನ ಪಿಎಸ್5ಗೂ ಹಾಕಿಬಿಡಿ ಮಾಮಾ” ಅಂದ ಅಳಿಯ. ಆ ಗೇಮ್ ಕನ್ಸೋಲ್ ಮೊದಲನೇ ಪೋರ್ಟ್‌ನಲ್ಲಿ ಅಲ್ಲಿಯವರೆಗೂ 1080ರಲ್ಲೇ ಓಡುತ್ತಿತ್ತು, ಯಾರೂ ಗಮನಿಸಿರಲಿಲ್ಲ. ಹಾಕಿದೆ. 4ಕೆ 60 ಬಂತು, ಹತ್ತು ಸೆಕೆಂಡಿಗೆ ಪರದೆ ಕಪ್ಪಾಯಿತು, ಮತ್ತೆ ಬಂತು. ನಡುನಡುವೆ ಸಾಸಿವೆ ಸಿಡಿದ ಹಾಗೆ ಬಿಳಿ ಚುಕ್ಕಿಗಳು. ಆ ಚುಕ್ಕಿ ಕಂಡರೆ ನಾನು ಬೇರೆ ಏನೂ ಯೋಚಿಸುವುದಿಲ್ಲ, ಸಿಗ್ನಲ್ ದಾರಿಯಲ್ಲಿ ಸೋರುತ್ತಿದೆ ಅಂತಲೇ ಅರ್ಥ.

ಪಿಎಸ್5 ಇದ್ದದ್ದು ಎದುರು ಗೋಡೆಯ ಶೋಕೇಸ್‌ನಲ್ಲಿ. 2014ರಲ್ಲಿ ಮನೆ ಕಟ್ಟುವಾಗಲೇ ಪೈಪಿನೊಳಗೆ 10 ಮೀಟರ್ ಕೇಬಲ್ ಎಳೆಸಿದ್ದರು. ಅದರ ಮೈ ಮೇಲೆ `High Speed` ಅಂತ ಅಚ್ಚಾಗಿತ್ತು. ಹೆಸರು ಕೇಳಿ ಮೋಸ ಹೋಗಬೇಡಿ, ಆ ದರ್ಜೆಯ ಪರೀಕ್ಷೆ 10.2 ಗಿಗಾಬಿಟ್‌ವರೆಗೆ ಮಾತ್ರ. 18ಕ್ಕೆ ಪರೀಕ್ಷೆ ಮಾಡಿದ್ದು `Premium High Speed`, 48ಕ್ಕೆ `Ultra High Speed`. ಕೇಬಲ್‌ಗೆ ‘2.0’, ‘2.1’ ಅನ್ನುವುದು ಅಂಗಡಿಯ ಮಾತು. ನೋಡಬೇಕಾದ್ದು ಈ ದರ್ಜೆಯ ಹೆಸರು, ಪ್ಯಾಕೆಟ್ ಮೇಲಿನ ಸ್ಕ್ಯಾನ್ ಮಾಡುವ ಲೇಬಲ್.

ಆದರೂ ಗೋಡೆಗೆ ಕೈ ಹಾಕುವ ಮೊದಲು ಎರಡು ಪರೀಕ್ಷೆ ಮಾಡಿದೆ. ಪಿಎಸ್5ನಲ್ಲಿ ಬೆಳಕು, ಬಣ್ಣವನ್ನು ಇನ್ನೂ ಎದ್ದು ಕಾಣಿಸುವ ಎಚ್‌ಡಿಆರ್ ಆಫ್ ಮಾಡಿ, `4K Video Transfer Rate` ಅನ್ನು `-2`ಕ್ಕೆ ಇಳಿಸಿದೆ. ಹೀಗೆ ಮಾಡಿದರೆ ಬಣ್ಣದ ವಿವರವನ್ನು ಕಡಿಮೆ ಮಾಡಿ ಕಳಿಸುತ್ತದೆ, ಭಾರ ಅರ್ಧಕ್ಕೆ ಇಳಿಯುತ್ತದೆ. ಚುಕ್ಕಿ ಮಾಯ, ಚಿತ್ರ ಗಟ್ಟಿ ನಿಂತಿತು. ಆಮೇಲೆ ಪಿಎಸ್5 ಅನ್ನೇ ಟೀವಿ ಪಕ್ಕ ಸ್ಟೂಲ್ ಮೇಲಿಟ್ಟು, ಅದರ ಡಬ್ಬಿಯಲ್ಲಿ ಬಂದ ಕೇಬಲ್ ಚುಚ್ಚಿ, ಎಲ್ಲ ಸೆಟ್ಟಿಂಗ್ ಮೊದಲಿನಂತೆ ಮಾಡಿದೆ. ಒಂದು ತಾಸು ಆಡಿದ, ಒಮ್ಮೆಯೂ ಕಪ್ಪಾಗಲಿಲ್ಲ. ಟೀವಿ ಸರಿ, ಪಿಎಸ್5 ಸರಿ, ತಪ್ಪು ಗೋಡೆಯೊಳಗಿನದ್ದೇ.

ಕೊನೆಗೆ `-2`ರಲ್ಲೇ ಬಿಡೋಣವೆಂದೆ. ಸಿನಿಮಾದಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಕೆಂಪು ಸಣ್ಣ ಅಕ್ಷರಗಳು ಮಾತ್ರ ಸ್ವಲ್ಪ ಮಸುಕು. ಅಳಿಯ ಒಪ್ಪಲಿಲ್ಲ, ಅವನಿಗೆ ಎಚ್‌ಡಿಆರ್ ಬೇಕು. 10 ಮೀಟರ್ ದೂರಕ್ಕೆ 18 ಗಿಗಾಬಿಟ್ ಎಂದರೆ ತಾಮ್ರವನ್ನು ನಾನು ನಂಬುವುದಿಲ್ಲ. ಐದು ಮೀಟರ್ ದಾಟಿದರೆ ಸಿಗ್ನಲನ್ನು ಬೆಳಕಾಗಿ ಕಳಿಸುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಹಾಕುತ್ತೇನೆ. ಮುಕ್ಕಾಲು ಇಂಚಿನ ಪೈಪಿನಲ್ಲಿ ಎಚ್‌ಡಿಎಂಐ ತಲೆ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ತಲೆ ಬಿಚ್ಚಿಡಲು ಬರುವಂಥದ್ದನ್ನು ತರಿಸಿದೆ. ಹಳೆಯ ಕೇಬಲ್‌ನ ತಲೆ ಕತ್ತರಿಸಿ, ಅದರ ತುದಿಗೆ ಹೊಸದನ್ನು ಟೇಪ್ ಸುತ್ತಿ ಕಟ್ಟಿ, ಭಾವ ಆ ಕಡೆಯಿಂದ ನಿಧಾನಕ್ಕೆ ಎಳೆದರು. ಎಳೆದಾದ ಮೇಲೆ ನೋಡಿದರೆ `Source` ಅಂತ ಬರೆದ ತುದಿ ಟೀವಿ ಕಡೆ ಇದೆ. ಈ ಕೇಬಲ್‌ನಲ್ಲಿ ಸಿಗ್ನಲ್ ಒಂದೇ ದಿಕ್ಕಿಗೆ ಹೋಗುವುದು, ಉಲ್ಟಾ ಹಾಕಿದರೆ ಚಿತ್ರವೇ ಇಲ್ಲ. ಮತ್ತೆ ಹೊರಗೆ ಎಳೆದು ತಿರುಗಿಸಿ ಹಾಕುವ ಹೊತ್ತಿಗೆ ಅಕ್ಕ ಎರಡನೇ ಸಲ ಬೆಣ್ಣೆ ದೋಸೆ ತರಿಸಿದ್ದರು.

ತಲೆ ಕತ್ತರಿಸಿದ ಹಳೆಯ ಕೇಬಲ್ ಗುಜರಿಗೆ ಹೋಯಿತು. ಭಾವ ತಂದಿದ್ದ ‘2.1’ ಮಾತ್ರ ಮಲಗುವ ಕೋಣೆಯ ಸೆಟ್‌ಟಾಪ್ ಬಾಕ್ಸ್‌ಗೆ ಹೋಯಿತು. ಅಲ್ಲಿ ಬರುವುದೇ 1080.