ತಕ್ಕಡಿಗೆ ಕಾಣದ ಎರಡು ಕಿಲೋ ನೀರು

ಡಯಾಲಿಸಿಸ್ ಘಟಕದಲ್ಲಿ ತಂತ್ರಜ್ಞನಾಗಿ ಹದಿನಾರು ವರ್ಷ ಕಳೆದಿದ್ದೇನೆ. ಅದರಲ್ಲಿ ಹನ್ನೆರಡು ವರ್ಷ ಹೆಚ್ಚುವರಿ ನೀರೆಲ್ಲ ತೆಗೆದ ಮೇಲೆ ರೋಗಿಗೆ ಇರಬೇಕಾದ ತೂಕವನ್ನು, ಅಂದರೆ ಡ್ರೈ ವೇಟ್ ಎಂಬ ಅಂಕಿಯನ್ನು, ಎಲ್ಲರಂತೆ ನಾನೂ ತಕ್ಕಡಿ, ರಕ್ತದೊತ್ತಡ, ಕಾಲಿನ ಬಾವು ನೋಡಿಯೇ ನಂಬಿದೆ. ಈಗ ನಮ್ಮಲ್ಲಿ ಮೂವತ್ತೊಂದು ರೋಗಿಗಳಿಗೆ, ಮೈಯಲ್ಲಿ ಸಣ್ಣ ವಿದ್ಯುತ್ ಹರಿಸಿ ನೀರಿನ ಸ್ಥಿತಿಯನ್ನು ಗುರುತಿಸುವ ಗ್ರಾಫ್ ಹಾಳೆ ಒಬ್ಬೊಬ್ಬರಿಗೆ ಒಂದೊಂದು ಇದೆ. ಆ ಹಾಳೆಯ ಮೇಲಿನ ಒಂದು ಚುಕ್ಕೆ ಹೇಳಿದ್ದು ಸರಿ ಎಂದು ಸಾಬೀತಾಗಲು ನನಗೆ ಎರಡು ಯಂತ್ರಗಳು, ಸುಮಾರು ಒಂದೂವರೆ ಲಕ್ಷ ರೂಪಾಯಿ ಮತ್ತು ಒಬ್ಬ ಹೆಣ್ಣುಮಗಳ ತಾಳ್ಮೆ ಬೇಕಾಯಿತು.

ಮೊದಲ ಯಂತ್ರದಲ್ಲಿ ಪೂರ್ತಿ ಮೋಸಹೋದೆ. ಮೂವತ್ತೈದು ಸಾವಿರ ಕೊಟ್ಟು ತಂದದ್ದು ಪರದೆಯ ಮೇಲೆ ಕೊಬ್ಬು, ಸ್ನಾಯು, ನೀರು ಎಂದು ಅಚ್ಚುಕಟ್ಟಾಗಿ ಬರೆದು ತೋರಿಸುತ್ತಿತ್ತು. ಒಳಗೆ ಅಳೆಯುತ್ತಿದ್ದದ್ದು ಮಾತ್ರ ದೇಹ ವಿದ್ಯುತ್ತಿಗೆ ಒಡ್ಡುವ ಒಟ್ಟು ತಡೆ, ಅಂದರೆ ಇಂಪಿಡೆನ್ಸ್ ಒಂದೇ. ಅದರಲ್ಲಿ ಮೈಯ ನೀರನ್ನು ಅವಲಂಬಿಸಿದ ರೆಸಿಸ್ಟೆನ್ಸ್ ಎಷ್ಟು, ಜೀವಕೋಶದ ಪೊರೆಗಳಿಂದ ಬರುವ ರಿಯಾಕ್ಟೆನ್ಸ್ ಎಷ್ಟು ಎಂದು ಬೇರ್ಪಡಿಸಿ ಕೊಡುವ ಸಾಮರ್ಥ್ಯ ಅದಕ್ಕಿರಲಿಲ್ಲ. ಉಳಿದದ್ದೆಲ್ಲ ಆರೋಗ್ಯವಂತರ ಮೇಲೆ ಕಟ್ಟಿದ ಸಮೀಕರಣದ ಲೆಕ್ಕ. ಒಂದು ದಿನ ಒಬ್ಬ ರೋಗಿಯ ಮೇಲೆ ಎಲೆಕ್ಟ್ರೋಡು ತೆಗೆಯದೆ ಎರಡು ಸಲ ಅಳೆದೆ. ಒಂದು ಸಲ ತೂಕ 50 ಎಂದು ಒತ್ತಿದೆ, ಇನ್ನೊಂದು ಸಲ 56 ಎಂದು. ಇಂಪಿಡೆನ್ಸ್ ಒಂದು ಓಮ್ ಕೂಡ ಬದಲಾಗಲಿಲ್ಲ, ಆದರೆ ಪರದೆಯ ಮೇಲಿನ ನೀರು ಅರ್ಧ ಲೀಟರಿಗೂ ಹೆಚ್ಚು ಏರಿತು. ತೂಕದಲ್ಲಿ ನೀರೆಷ್ಟು ಎಂದು ಕೇಳಲು ಹೊರಟವನಿಗೆ, ತೂಕವನ್ನೇ ನೀರಾಗಿಸಿ ಹಿಂದಕ್ಕೆ ಕೊಡುವ ಯಂತ್ರ ಯಾವ ಕೆಲಸಕ್ಕೆ? ಅಂದೇ ಅದನ್ನು ಕಪಾಟಿಗೆ ಸೇರಿಸಿದೆ.

ಇಟಲಿಯ ಪಾಡುವಾದ ಆಂಟೋನಿಯೊ ಪಿಕ್ಕೋಲಿ ಮತ್ತು ಸಂಗಡಿಗರು 1994ರಲ್ಲಿ ಮುಂದಿಟ್ಟ ದಾರಿಯಲ್ಲಿ ತೂಕಕ್ಕೆ ಜಾಗವೇ ಇಲ್ಲ. ರೆಸಿಸ್ಟೆನ್ಸನ್ನೂ ರಿಯಾಕ್ಟೆನ್ಸನ್ನೂ ಮೀಟರಿನಲ್ಲಿ ಅಳೆದ ಎತ್ತರದಿಂದ ಭಾಗಿಸಿ, ಮೊದಲನೆಯದನ್ನು ಅಡ್ಡ ಅಕ್ಷದಲ್ಲಿ, ಎರಡನೆಯದನ್ನು ಲಂಬ ಅಕ್ಷದಲ್ಲಿ ಗುರುತಿಸಿದರೆ ಮುಗಿಯಿತು. ಸುತ್ತಲೂ ಆರೋಗ್ಯವಂತರಲ್ಲಿ 50, 75, 95 ಶೇಕಡಾ ಮಂದಿಯ ಚುಕ್ಕೆ ಒಳಗೆ ಬೀಳುವ ದೀರ್ಘವೃತ್ತಗಳಿರುತ್ತವೆ. ನೀರು ಹೆಚ್ಚಾದರೆ ಸೊನ್ನೆಯಿಂದ ಚುಕ್ಕೆಗೆ ಎಳೆದ ಗೆರೆ, ಅಂದರೆ ವೆಕ್ಟರ್, ಮೋಟಾಗಿ ಕೆಳ-ಎಡ ತುದಿಗೆ ಇಳಿಯುತ್ತದೆ, ಕಡಿಮೆಯಾದರೆ ಉದ್ದವಾಗಿ ಮೇಲ್-ಬಲಕ್ಕೆ ಏರುತ್ತದೆ. ಜೀವಕೋಶದ ರಾಶಿ ಕಡಿಮೆಯಾದರೆ ಬಲಕ್ಕೆ ವಾಲಿ ಕೆಳಗೆ ಬೀಳುತ್ತದೆ.

ಎರಡನೆಯದು 50 ಕಿಲೋಹರ್ಟ್ಸ್‌ನಲ್ಲಿ ಎರಡನ್ನೂ ಬೇರೆಬೇರೆಯಾಗಿ ಓದುವ ಹಳೆಯ ಯಂತ್ರ. ಯಾರೋ ಬಳಸಿ ಬಿಟ್ಟದ್ದನ್ನು ಒಂದು ಲಕ್ಷದ ಹತ್ತಿರ ಕೊಟ್ಟು ತಂದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಸ್ವಂತದ್ದು. ಘಟಕದ ಹಿರಿಯ ವೈದ್ಯರು ಮೊದಲ ಹಾಳೆ ನೋಡಿ, "ಇದೇನಪ್ಪ, ಕುಂಡಲಿ ಹಾಕಿದ ಹಾಗಿದೆ. ಎಷ್ಟು ಲೀಟರ್ ತೆಗೆಯಬೇಕು ಎಂದು ಇದು ಹೇಳುತ್ತದೆಯೇ?" ಎಂದು ಕೇಳಿದರು. "ಇಲ್ಲ ಸರ್, ಎಲ್ಲಿದ್ದಾರೆ ಎಂದು ಮಾತ್ರ ಹೇಳುತ್ತದೆ" ಎಂದೆ. "ಹಾಗಾದರೆ ತಕ್ಕಡಿಯೇ ಸಾಕು" ಎಂದು ಹಾಳೆ ಮಡಚಿಟ್ಟರು.

ಅದರ ಮೇಲೆ ಎಲೆಕ್ಟ್ರೋಡಿನ ಪೆಟ್ಟು ಬಿತ್ತು. ಇದಕ್ಕೆಂದೇ ಮಾಡಿದ ಎಲೆಕ್ಟ್ರೋಡು ಒಂದಕ್ಕೆ ನಲವತ್ತು ರೂಪಾಯಿಯ ಮೇಲೆ. ಸಲಕ್ಕೆ ನಾಲ್ಕು ಬೇಕು. ತಿಂಗಳಿಗೆ ಮೂವತ್ತು ರೋಗಿಗಳು, ಒಬ್ಬೊಬ್ಬರಿಗೆ ಎರಡು ಸಲ ಎಂದರೆ ಹತ್ತು ಸಾವಿರದ ಹತ್ತಿರ. ಉಳಿಸೋಣವೆಂದು ಏಳೆಂಟು ರೂಪಾಯಿಯ ಇಸಿಜಿ ಎಲೆಕ್ಟ್ರೋಡು ಅಂಟಿಸಿದೆ. ಎರಡು ತಿಂಗಳ ಅಳತೆ ಹಾಳಾಯಿತು. ರೆಸಿಸ್ಟೆನ್ಸ್ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತಿತ್ತು, ರಿಯಾಕ್ಟೆನ್ಸ್ ಮಾತ್ರ ತನಗೆ ಬೇಕಾದಂತೆ ಕುಣಿಯುತ್ತಿತ್ತು. ಯಂತ್ರದ ಜೊತೆ ಬಂದ ಪರೀಕ್ಷಾ ರೆಸಿಸ್ಟರ್ ಜೋಡಿಸಿ ನೋಡಿದರೆ ಎಲ್ಲ ನೆಟ್ಟಗೆ. ಇರಲೇಬೇಕು, ಏಕೆಂದರೆ ಆ ಪರೀಕ್ಷೆಯಲ್ಲಿ ಎಲೆಕ್ಟ್ರೋಡೇ ಇರುವುದಿಲ್ಲ! ಇದು ಹೊಳೆಯಲು ನನಗೆ ಎರಡು ತಿಂಗಳು ಹಿಡಿಯಿತು. ಕೊನೆಗೆ ನನ್ನದೇ ಕೈಕಾಲಿಗೆ ಒಂದು ಜಾತಿಯದನ್ನು ಅಂಟಿಸಿ ಅಳೆದು, ಅಲ್ಲೇ ಗುರುತು ಹಾಕಿ, ಐದು ನಿಮಿಷದೊಳಗೆ ಇನ್ನೊಂದು ಜಾತಿಯದನ್ನು ಅಂಟಿಸಿ ಅಳೆದೆ. ರೆಸಿಸ್ಟೆನ್ಸ್ ಮೂರು ಓಮ್ ಬದಲಾಯಿತು, ರಿಯಾಕ್ಟೆನ್ಸ್ ಹನ್ನೊಂದು. ಅರುವತ್ತರ ಅಂಕಿಯಲ್ಲಿ ಹನ್ನೊಂದು ತಪ್ಪಿದರೆ ಚುಕ್ಕೆ ವೃತ್ತದಿಂದ ವೃತ್ತಕ್ಕೆ ಹಾರುತ್ತದೆ. ಈಗ ಮಧ್ಯಮ ಬೆಲೆಯ ಒಂದನ್ನು ಆರಿಸಿಕೊಂಡಿದ್ದೇನೆ. ಬೆವರುವ ಪಾದಕ್ಕೆ ಅದು ಕಚ್ಚಿ ಹಿಡಿಯುವಂತೆ ಮಾಡುವ ಕೈಚಳಕ ಸದ್ಯಕ್ಕೆ ನನ್ನಲ್ಲೇ ಇರಲಿ.

ಈಗ ಮೊದಲಿಗೆ ಹೇಳಿದ ಆ ತಾಳ್ಮೆಯ ತಾಯಿಯ ವಿಷಯ. ವಯಸ್ಸು ನಲವತ್ತಾರು, ಎತ್ತರ 1.54 ಮೀಟರ್, ವಾರಕ್ಕೆ ಎರಡು ಡಯಾಲಿಸಿಸ್. ಡ್ರೈ ವೇಟ್ 50.5 ಎಂದು ಒಂದು ವರ್ಷದಿಂದ ಬರೆದದ್ದೇ ಬರೆದದ್ದು. ಮಳೆಗಾಲದಲ್ಲಿ ಜ್ವರ ಹಿಡಿದು ಎರಡು ತಿಂಗಳು ಗಂಜಿಯ ಮೇಲಿದ್ದರು. ಆಮೇಲೂ ಪ್ರತಿ ಸಲ ನಾವು ಅವರನ್ನು 50.5ಕ್ಕೇ ಇಳಿಸಿ ಕಳಿಸುತ್ತಿದ್ದೆವು. ಕಾಲಿನಲ್ಲಿ ಬಾವು ಕಾಣುತ್ತಿರಲಿಲ್ಲ. ರಕ್ತದೊತ್ತಡ ಮಾತ್ರ 170ರ ಕೆಳಗೆ ಬರುತ್ತಿರಲಿಲ್ಲ, ಮಾತ್ರೆ ಮೂರಕ್ಕೇರಿತ್ತು. "ಕುಪ್ಪಸ ಸಡಿಲವಾಗಿದೆ, ಆದರೆ ತೂಕ ಇಳಿದಿಲ್ಲವಲ್ಲಪ್ಪ" ಎಂದು ಅವರೇ ಒಂದು ದಿನ ಕೇಳಿದರು. ನನಗೆ ಬೇಕಾಗಿದ್ದ ಸುಳಿವು ಆ ಮಾತಿನಲ್ಲಿತ್ತು.

ಡಯಾಲಿಸಿಸ್ ಸೂಜಿಗಾಗಿ ಕೈಯ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಇಲ್ಲದ ಬದಿಯಲ್ಲಿ, ಡಯಾಲಿಸಿಸ್ ಮುಗಿದು ಅರ್ಧ ಗಂಟೆ ಮಲಗಿಸಿ, ಕೈ ಮೈಗೆ ತಾಗದಂತೆ, ತೊಡೆಗಳು ಒಂದಕ್ಕೊಂದು ಸೋಕದಂತೆ ಇಟ್ಟು ಅಳೆದೆ. ರೆಸಿಸ್ಟೆನ್ಸ್ 440, ರಿಯಾಕ್ಟೆನ್ಸ್ 34. ಎತ್ತರದಿಂದ ಭಾಗಿಸಿದರೆ 286 ಮತ್ತು 22. ವೆಕ್ಟರ್ ಅಡ್ಡ ಅಕ್ಷದೊಂದಿಗೆ ಮಾಡುವ ಫೇಸ್ ಕೋನ ನಾಲ್ಕೂವರೆ ಡಿಗ್ರಿಗೂ ತುಸು ಕಡಿಮೆ. ಇಟಲಿಯ ಹೆಂಗಸರ ಸರಾಸರಿ ನನ್ನ ನೆನಪಿನಲ್ಲಿ ಸುಮಾರು 372 ಮತ್ತು 34. ನೀವೂ ತಾಳೆ ನೋಡಲೆಂದು ಅದೇ ವೃತ್ತದ ಮೇಲೆ ಲೆಕ್ಕ ಕೊಡುತ್ತೇನೆ. ಇಲ್ಲಿ R ರೆಸಿಸ್ಟೆನ್ಸ್, Xc ರಿಯಾಕ್ಟೆನ್ಸ್, H ಎತ್ತರ, D2 ಕೇಂದ್ರದಿಂದ ದೂರದ ಅಳತೆ. r ಎರಡರ ನಡುವಿನ ಸಹಸಂಬಂಧ, ಅರ್ಧದ ಆಸುಪಾಸು.

```
zR = (R/H - 372) / 49
zX = (Xc/H - 34.4) / 7.7
D2 = (zR^2 + zX^2 - 2*r*zR*zX) / (1 - r^2)
```

D2 1.4ರೊಳಗಿದ್ದರೆ 50 ಶೇಕಡಾ ವೃತ್ತದೊಳಗೆ, 2.8ರೊಳಗಿದ್ದರೆ 75, ಆರರೊಳಗಿದ್ದರೆ 95. ಆ ತಾಯಿಯದು 3.8 ಬಂತು, ಅದೂ ಕೆಳ-ಎಡ ತುದಿಯಲ್ಲಿ. ಅಂದರೆ ಡ್ರೈ ವೇಟ್ ಮುಟ್ಟಿಸಿ ಮನೆಗೆ ಕಳಿಸುವ ಹೊತ್ತಿನಲ್ಲೂ 75ರ ವೃತ್ತದಾಚೆ, ನೀರಿನ ಬದಿಯಲ್ಲಿ ನಿಂತಿದ್ದರು. ಜ್ವರದಲ್ಲಿ ಮಾಂಸ ಕರಗಿತ್ತು, ಆ ಜಾಗವನ್ನು ನೀರು ತುಂಬಿತ್ತು. ಕೂಡಿ ಕಳೆದು ತಕ್ಕಡಿಗೆ ಅದೇ 50.5.

ಎಷ್ಟು ಇಳಿಸಬೇಕು ಎಂಬ ವೈದ್ಯರ ಪ್ರಶ್ನೆಗೆ ಉತ್ತರವನ್ನು ಆ ತಾಯಿಯ ದೇಹದಿಂದಲೇ ತೆಗೆದೆ. ಮುಂದಿನ ಸಲ ಡಯಾಲಿಸಿಸ್‌ಗೆ ಮುಂಚೆಯೂ ಆಮೇಲೂ ಅಳೆದೆ. ಮುಂಚೆ ಅಡ್ಡ ಅಕ್ಷದಲ್ಲಿ 245, ಆಮೇಲೆ 286. ತೆಗೆದದ್ದು 2.2 ಕಿಲೋ. ಕಿಲೋ ಒಂದಕ್ಕೆ ಸುಮಾರು ಹದಿನೆಂಟೂವರೆ. 50ರ ವೃತ್ತದೊಳಗೆ ನೆಮ್ಮದಿಯಾಗಿ ಕೂರಲು ಇನ್ನೂ ಐವತ್ತು ಅರುವತ್ತು ಬೇಕು, ಅಂದರೆ ಲೆಕ್ಕದಲ್ಲಿ ಮೂರು ಕಿಲೋ. ವೈದ್ಯರು ಅರೆಮನಸ್ಸಿನಿಂದ ಸಲಕ್ಕೆ ಮುನ್ನೂರು ಗ್ರಾಂ ಇಳಿಸಲು ಒಪ್ಪಿದರು. ನಾಲ್ಕನೇ ಸಲ ಮೀನಖಂಡ ಸೆಳೆದು ಆ ತಾಯಿ ಅತ್ತುಬಿಟ್ಟರು. ನಾನೂ ಹೆದರಿದೆ. ಅಲ್ಲಿಗೇ ಬಿಡೋಣ ಎಂಬ ಮಾತು ಬಂತು. ಹಾಳೆ ತೆಗೆದು ನೋಡಿದರೆ ಚುಕ್ಕೆ ಇನ್ನೂ ಕೆಳ ಅರ್ಧದಲ್ಲೇ ಇತ್ತು. ಒಟ್ಟು ನೀರು ಬತ್ತಿರಲಿಲ್ಲ, ತೆಗೆದ ವೇಗ ಹೆಚ್ಚಾಗಿತ್ತು. ಆ ದಿನ ಮೂರೂವರೆ ಗಂಟೆಗೇ ನಿಲ್ಲಿಸಿದ್ದೆವು. ಮುಂದಿನ ಸಲದಿಂದ ನಾಲ್ಕು ಗಂಟೆ ಪೂರ್ತಿ ಕೊಟ್ಟೆವು, ಸೆಳೆತ ಮರಳಲಿಲ್ಲ.

ಐದು ವಾರದ ಹೊತ್ತಿಗೆ 48.2. ಅಂದಿನ ಅಳತೆ 530 ಮತ್ತು 46. ಭಾಗಿಸಿದರೆ 344 ಮತ್ತು 30, ಚುಕ್ಕೆ ಒಳವೃತ್ತದೊಳಗೆ. ಮೂರು ಕಿಲೋ ಬೇಕಾಗಲಿಲ್ಲ, 2.3ಕ್ಕೇ ಮುಟ್ಟಿತು. ನೀರು ಕಡಿಮೆಯಾದಷ್ಟೂ ಅದೇ ಒಂದು ಕಿಲೋ ರೆಸಿಸ್ಟೆನ್ಸನ್ನು ಹೆಚ್ಚು ಏರಿಸುತ್ತದೆ. ಆದ್ದರಿಂದ ಮೊದಲ ದಿನದ ಇಳಿಜಾರನ್ನು ಕೊನೆಯವರೆಗೆ ನಂಬಬಾರದು, ಕಿಲೋಗೊಮ್ಮೆ ಮತ್ತೆ ಅಳೆಯಬೇಕು. ರಕ್ತದೊತ್ತಡ 140ಕ್ಕೆ ಇಳಿಯಿತು, ಎರಡು ಮಾತ್ರೆ ಹೋದವು.

ಆಮೇಲಿನದು ನನಗೆ ಇನ್ನೂ ಇಷ್ಟ. ಆಹಾರತಜ್ಞೆ ದಿನಕ್ಕೆ ಮೂರು ಮೊಟ್ಟೆಯ ಬಿಳಿ ಹೇಳಿದ್ದರು, ಮಗಳು ಬಿಡದೆ ತಿನ್ನಿಸಿದಳು. ನಾಲ್ಕು ತಿಂಗಳ ಮೇಲೆ ಅಳೆದರೆ 505 ಮತ್ತು 50. ರೆಸಿಸ್ಟೆನ್ಸ್ ಇಳಿದಿದೆ, ನೀರೇ ಇರಬೇಕು ಎಂದು ವೈದ್ಯರು ಹುಬ್ಬುಗಂಟಿಕ್ಕಿದರು. ನೀರಾಗಿದ್ದರೆ ರಿಯಾಕ್ಟೆನ್ಸೂ ಜೊತೆಗೇ ಇಳಿಯಬೇಕಿತ್ತು. ಇಲ್ಲಿ ಅದು ಏರಿತ್ತು, ಫೇಸ್ ಕೋನ ಐದರಿಂದ ಐದೂವರೆ ದಾಟಿತ್ತು. ಚುಕ್ಕೆ ಎಡಕ್ಕೆ ಸರಿದು ಮೇಲಕ್ಕೆ ಹೋದರೆ ಅದು ಜೀವಕೋಶ ತುಂಬಿಕೊಂಡ ಗುರುತು. ಡ್ರೈ ವೇಟನ್ನು 49.4ಕ್ಕೆ ಏರಿಸಿದೆವು. ಏರಿಸಬಹುದು ಎಂದು ತಕ್ಕಡಿಯಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನನಗೆ ಗೊತ್ತಾಯಿತು.

ನಡುವೆ ಸಣ್ಣಪುಟ್ಟ ಪ್ರಯೋಗಗಳನ್ನೂ ಮಾಡಿದೆ. ಮಣಿಕಟ್ಟಿನ ಎಲೆಕ್ಟ್ರೋಡನ್ನು ಬೆರಳಿನ ಕಡೆಗೆ ಒಂದು ಸೆಂಟಿಮೀಟರ್ ಸರಿಸಿದರೆ ನನ್ನ ರೆಸಿಸ್ಟೆನ್ಸ್ ಹತ್ತರ ಮೇಲೆ ಬದಲಾಗುತ್ತದೆ. ಅದಕ್ಕೇ ಪ್ರತಿ ರೋಗಿಯ ಹಾಳೆಯಲ್ಲಿ ಮೂಳೆಯ ಗುರುತಿನಿಂದ ದೂರ ಬರೆದಿಡುತ್ತೇನೆ. ಜಾಗ ಚಿಕ್ಕದೆಂದು ಎರಡು ಎಲೆಕ್ಟ್ರೋಡುಗಳನ್ನು ಐದು ಸೆಂಟಿಮೀಟರಿಗಿಂತ ಹತ್ತಿರ ತಂದರೆ ಅಳತೆಯೇ ಕೆಡುತ್ತದೆ. ಎಸಿ ಕೆಳಗಿನ ಹಾಸಿಗೆಯಲ್ಲಿ ತಣ್ಣಗಾದ ಕೈಕಾಲು ರೆಸಿಸ್ಟೆನ್ಸನ್ನು ಏರಿಸಿ, ನೀರು ತುಂಬಿದವರನ್ನೂ ಒಣಗಿದವರಂತೆ ತೋರಿಸುತ್ತದೆ. ಮಲಗಿದ ತಕ್ಷಣ ಅಳೆದದ್ದಕ್ಕೂ ಹತ್ತು ನಿಮಿಷ ಬಿಟ್ಟು ಅಳೆದದ್ದಕ್ಕೂ ವ್ಯತ್ಯಾಸ ಇದ್ದೇ ಇದೆ.

ಈ ಗ್ರಾಫ್ ಸೋತ ಒಂದು ಜಾಗವನ್ನು ಹೇಳಲೇಬೇಕು. ಯಕೃತ್ತಿನ ತೊಂದರೆಯೂ ಇದ್ದ ಒಬ್ಬರ ಹೊಟ್ಟೆಯಲ್ಲಿ ಲೀಟರುಗಟ್ಟಲೆ ನೀರಿತ್ತು. ಚುಕ್ಕೆ ಮಾತ್ರ ಒಳವೃತ್ತದಲ್ಲಿ ಹಾಯಾಗಿ ಕೂತಿತ್ತು. ಮುಂಡ ದೇಹತೂಕದ ಅರ್ಧದಷ್ಟಿದ್ದರೂ ಒಟ್ಟು ರೆಸಿಸ್ಟೆನ್ಸಿನಲ್ಲಿ ಅದರ ಪಾಲು ಹತ್ತು ಶೇಕಡಾ ಆಸುಪಾಸು ಮಾತ್ರ. ಕೈಕಾಲು ಸಪೂರ, ಮುಂಡ ದಪ್ಪ, ಆದ್ದರಿಂದ ಅಳತೆಯೆಲ್ಲ ಕೈಕಾಲಿನದೇ. ಹೊಟ್ಟೆಯೊಳಗಿನ ನೀರು ಈ ಗ್ರಾಫಿಗೆ ಕಾಣುವುದಿಲ್ಲ. ಅಂಥವರಿಗೂ ಕಾಲು ಕತ್ತರಿಸಿದವರಿಗೂ ನಾನು ಹಾಳೆ ತೆರೆಯುವುದಿಲ್ಲ. ಪೇಸ್‌ಮೇಕರ್ ಇದ್ದವರನ್ನು ಮುಟ್ಟುವುದೂ ಇಲ್ಲ.

ಈಗ ನಮ್ಮ ಸೀಮೆಯ ಆರೋಗ್ಯವಂತರ ವೃತ್ತ ಬರೆಯುತ್ತಿದ್ದೇನೆ. ಸಿಬ್ಬಂದಿ, ರೋಗಿಗಳ ಮನೆಯವರು, ನನ್ನ ನೆಂಟರು ಸೇರಿ ನೂರಿಪ್ಪತ್ತರ ಹತ್ತಿರ ಆಗಿದ್ದಾರೆ. ನಮ್ಮವರ ಕೇಂದ್ರ ಇಟಲಿಯವರದಕ್ಕಿಂತ ತುಸು ಬಲಕ್ಕೂ ಕೆಳಕ್ಕೂ ಇದೆ, ಎಷ್ಟೆಂದು ಈಗಲೇ ಬಿಟ್ಟುಕೊಡುವುದಿಲ್ಲ. ಹೆಂಗಸರ ಸಂಖ್ಯೆ ಕಡಿಮೆ ಬಿದ್ದಿದೆ. ಇನ್ನೂ ಎಂಬತ್ತು ಮಂದಿ ಬೇಕು, ಅಂದರೆ ಮುನ್ನೂರಿಪ್ಪತ್ತು ಎಲೆಕ್ಟ್ರೋಡು. ಈ ಸಲ ಅದರ ದುಡ್ಡನ್ನು ಹಾಳೆ ಮಡಚಿಟ್ಟಿದ್ದ ಹಿರಿಯ ವೈದ್ಯರೇ ಕೊಟ್ಟಿದ್ದಾರೆ.